ಎಜುಕೇಶನ್ ಲೋನ್ ಇದೆ: ಸಿಕ್ಕ ಕೆಲಸಕ್ಕೆ ಸೇರಬೇಕಾ, ಸರಿಯಾದ ಕೆಲಸಕ್ಕೆ ಕಾಯಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಓದು ಮುಗಿದಿದೆ, ಸಾಲದ ಕಂತು ಶುರುವಾಗುವ ದಿನ ಹತ್ತಿರ ಬರುತ್ತಿದೆ, ಕೈಯಲ್ಲಿ ಒಂದು ಅಷ್ಟಕ್ಕಷ್ಟೇ ಅನ್ನಿಸುವ ಆಫರ್ ಇದೆ ಅಥವಾ ಅದೂ ಇಲ್ಲ. ಈ ಪುಟ ಅಂಥವರಿಗಾಗಿ. ಲೆಕ್ಕ ಅರ್ಥವಾಗಲಿ ಅಂತ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ.

ಒಬ್ಬ ಹುಡುಗಿ 4 ವರ್ಷದ ಕೋರ್ಸ್ ಓದಿದ್ದಾಳೆ. ಪ್ರತಿ ವರ್ಷದ ಶುರುವಿನಲ್ಲಿ 2 ಲಕ್ಷದಂತೆ ಒಟ್ಟು 8 ಲಕ್ಷ ಸಾಲ ತೆಗೆದಿದ್ದಾಳೆ. ಬಡ್ಡಿ ವರ್ಷಕ್ಕೆ ಶೇ 10. ಓದುವಾಗ ಏನೂ ಕಟ್ಟಿಲ್ಲ. ಕೋರ್ಸ್ ಮುಗಿದ ಮೇಲೆ 1 ವರ್ಷ ಮೊರಟೋರಿಯಂ, ಅಂದರೆ ಕಂತು ಕಟ್ಟಬೇಕಿಲ್ಲದ ಅವಧಿ. ಆಮೇಲೆ 10 ವರ್ಷ ತಿಂಗಳ ಕಂತು. ನಿಮ್ಮ ಮೊತ್ತ, ಬಡ್ಡಿ, ಅವಧಿ ಬೇರೆ ಇರುತ್ತವೆ. ಲೆಕ್ಕ ಹಾಕುವ ರೀತಿ ಮಾತ್ರ ಇದೇ.

## ಸಾಲ ಇದೆ ಅಂದಮೇಲೆ ಮೊದಲು ಸಿಕ್ಕ ಕೆಲಸಕ್ಕೆ ಸೇರಿಬಿಡುವುದೇ ಸರಿ ಅಲ್ವಾ?

ಮೊರಟೋರಿಯಂ ಇನ್ನೂ ಬಾಕಿ ಇದ್ದರೆ, ಹಾಗೇನಿಲ್ಲ. ಬಹಳ ಜನ ಗಾಬರಿಯಾಗುವುದು ಕಂತಿನ ಮೊತ್ತ ನೋಡಿ. ಆದರೆ ಮೊರಟೋರಿಯಂ ಇರುವಾಗ ನೀವು ಕಂತಿನಷ್ಟು ದುಡಿಯಬೇಕಿಲ್ಲ. ಸಾಲ ಇದ್ದಲ್ಲೇ ನಿಲ್ಲಲು ಆ ತಿಂಗಳ ಬಡ್ಡಿಯಷ್ಟು ಬಂದರೆ ಸಾಕು. ಇವೆರಡರ ನಡುವೆ ದೊಡ್ಡ ಅಂತರವಿದೆ. ಆ ಅಂತರವೇ ನಿಮಗೆ ಕಾಯಲು ಸಿಗುವ ಜಾಗ.

ಹಾಗಾಗಿ "ಏನಾದರೂ ಸರಿ, ಸೇರಿಬಿಡು" ಮತ್ತು "ಮನೆಯಲ್ಲಿ ಕೂತು ಕಾಯಿ" ಅನ್ನುವ ಎರಡರ ಮಧ್ಯೆ ಮೂರನೇ ದಾರಿ ಒಂದಿದೆ. ಬಡ್ಡಿ ಕಟ್ಟುವಷ್ಟು ದುಡಿಯುತ್ತಾ ಸರಿಯಾದ ಕೆಲಸ ಹುಡುಕುವುದು. ನನ್ನ ಮಟ್ಟಿಗೆ ಹೆಚ್ಚಿನವರಿಗೆ ಹೊಂದುವುದು ಇದೇ. ಹೊಂದದ ಸಂದರ್ಭಗಳೂ ಇವೆ, ಅವನ್ನು ಕೆಳಗೆ ಬರೆದಿದ್ದೇನೆ.

## ಒಂದು ತಿಂಗಳು ಕಾದರೆ ಸಾಲ ನಿಜಕ್ಕೂ ಎಷ್ಟು ಬೆಳೆಯುತ್ತದೆ?

ನಮ್ಮ ಉದಾಹರಣೆಯನ್ನೇ ನೋಡೋಣ. ಮೊರಟೋರಿಯಂ ಮುಗಿಯುವವರೆಗೂ ಸರಳ ಬಡ್ಡಿ ಅಂತ ಇಟ್ಟುಕೊಳ್ಳಿ. ಮೊದಲ ವರ್ಷ ತೆಗೆದ 2 ಲಕ್ಷಕ್ಕೆ 4 ವರ್ಷದ ಬಡ್ಡಿ 80,000. ಎರಡನೇ ವರ್ಷದ್ದಕ್ಕೆ 60,000, ಮೂರನೆಯದಕ್ಕೆ 40,000, ಕೊನೆಯದಕ್ಕೆ 20,000. ಕೋರ್ಸ್ ಮುಗಿದ ದಿನ ಬಡ್ಡಿಯೇ 2 ಲಕ್ಷ ಆಗಿದೆ. ತೆಗೆದದ್ದು 8 ಲಕ್ಷ, ಈಗ ಇರುವುದು 10 ಲಕ್ಷ.

ಇನ್ನು ಮುಂದೆ ಪ್ರತಿ ತಿಂಗಳು ಸೇರುವ ಬಡ್ಡಿ 8 ಲಕ್ಷದ ಮೇಲೆ ಶೇ 10ರಂತೆ 6,667. ಒಂದು ವರ್ಷಕ್ಕೆ 80,000. ಮೊರಟೋರಿಯಂ ಮುಗಿದಾಗ ಬಾಕಿ 10,80,000. ಆ ದಿನ ಬ್ಯಾಂಕು ಇಷ್ಟು ದಿನದ ಬಡ್ಡಿಯನ್ನೆಲ್ಲ ಅಸಲಿಗೆ ಸೇರಿಸುತ್ತದೆ. ಅಲ್ಲಿಂದ ಬಡ್ಡಿಗೂ ಬಡ್ಡಿ ಬೀಳುತ್ತದೆ. 10 ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 14,272 ಬರುತ್ತದೆ.

ಈಗ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡಿ. ಕಂತು 14,272. ಇವತ್ತಿನ ತಿಂಗಳ ಬಡ್ಡಿ 6,667. ಅರ್ಧಕ್ಕಿಂತ ಕಡಿಮೆ.

ಒಂದು ಎಚ್ಚರಿಕೆ. ಕೆಲವು ಸಾಲಗಳಲ್ಲಿ ಓದುವಾಗಲೇ ತಿಂಗಳು ತಿಂಗಳೂ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆ. ಆಗ ಸಂಖ್ಯೆಗಳು ಇದಕ್ಕಿಂತ ಜಾಸ್ತಿ. ನಿಮ್ಮದು ಯಾವ ಬಗೆ ಅಂತ ತಿಳಿಯಲು ಸಾಲದ ಸ್ಟೇಟ್‌ಮೆಂಟ್‌ನಲ್ಲಿ ಒಂದರ ಹಿಂದೆ ಒಂದು ಮೂರು ತಿಂಗಳ ಬಡ್ಡಿಯ ಸಾಲು ನೋಡಿ. ಹೊಸದಾಗಿ ಹಣ ತೆಗೆಯದಿದ್ದರೂ, ದಿನಗಳ ಲೆಕ್ಕದ ಸಣ್ಣ ವ್ಯತ್ಯಾಸ ಬಿಟ್ಟು, ಪ್ರತಿ ತಿಂಗಳು ಬಡ್ಡಿ ಏರುತ್ತಲೇ ಇದ್ದರೆ ಅದು ಚಕ್ರಬಡ್ಡಿ. ಒಂದೇ ಸಮ ಇದ್ದರೆ ಸರಳ ಬಡ್ಡಿ.

## ಬಡ್ಡಿ ಮಾತ್ರ ಕಟ್ಟಿದರೆ ಏನು ಉಪಯೋಗ? ಅಸಲು ಹಾಗೇ ಇರುತ್ತಲ್ಲ?

ಹಾಗೇ ಇರುತ್ತದೆ, ನಿಜ. ಆದರೆ ಬೆಳೆಯುವುದಿಲ್ಲ. ಮೊರಟೋರಿಯಂನ 12 ತಿಂಗಳೂ ಆ ಹುಡುಗಿ 6,667 ಕಟ್ಟಿದಳು ಅನ್ನಿ. ಕಂತು ಶುರುವಾಗುವಾಗ ಬಾಕಿ 10,80,000 ಬದಲು 10,00,000 ಇರುತ್ತದೆ. ಕಂತು 14,272 ಬದಲು 13,215. ತಿಂಗಳಿಗೆ 1,057 ಕಡಿಮೆ. 120 ಕಂತುಗಳಿಗೆ ಸುಮಾರು 1,26,800 ಉಳಿತಾಯ. ಅದಕ್ಕಾಗಿ ಅವಳು ಕಟ್ಟಿದ್ದು 80,000.

ಕಟ್ಟುವಾಗ ಒಂದು ವಿಷಯ ನೋಡಿಕೊಳ್ಳಿ. ಮೊರಟೋರಿಯಂ ಇರುವಾಗ ಬಂದ ಹಣವನ್ನು ಕೆಲವು ಕಡೆ ಮುಂಗಡ ಕಂತು ಅಂತ ಸುಮ್ನೆ ಬದಿಗಿಟ್ಟಿರುತ್ತಾರೆ. ಮೊದಲ ಸಲ ಕಟ್ಟುವಾಗಲೇ "ಇದು ಈ ತಿಂಗಳ ಬಡ್ಡಿಗೆ" ಅಂತ ಬರೆದು ಕೊಡಿ, ಮುಂದಿನ ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಒಟ್ಟು ಬಾಕಿ ಹಿಂದಿನ ತಿಂಗಳಷ್ಟೇ ಇದ್ದರೆ ಸರಿಯಾಗಿದೆ. 6,667 ಏರಿದ್ದರೆ ನಿಮ್ಮ ಹಣ ಬಡ್ಡಿಗೆ ಜಮೆ ಆಗಿಲ್ಲ. ಹಾಗೆಯೇ, ಈ ಅವಧಿಯಲ್ಲಿ ಬಡ್ಡಿ ಕಟ್ಟುವವರಿಗೆ ದರದಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ಕೇಳದಿದ್ದರೆ ತಾವಾಗಿ ಹೇಳುವುದು ಕಡಿಮೆ, ಕೇಳಿ.

## ಬಡ್ಡಿಯಷ್ಟು ದುಡಿಯಲು ಎಂಥ ಕೆಲಸ ಹಿಡಿಯಬೇಕು?

ಮೊದಲು ಸಮಯ ನೋಡಿ, ಆಮೇಲೆ ದುಡ್ಡು. ಹುಡುಕಾಟಕ್ಕೆ ವಾರದ ದಿನಗಳಲ್ಲಿ ಹಗಲು ಹೊತ್ತು ಬೇಕು. ಕರೆಗಳು ಬರುವುದು, ಇಂಟರ್ವ್ಯೂ ನಡೆಯುವುದು ಆಗಲೇ. ಹಾಗಾಗಿ ಸಂಜೆ ಅಥವಾ ವಾರದ ಕೊನೆಗೆ ಮಾಡಬಹುದಾದ ಕೆಲಸ ಒಳ್ಳೆಯದು. ವಾರಕ್ಕೆ 15ರಿಂದ 20 ಗಂಟೆ ದಾಟಿದರೆ ಹುಡುಕಾಟ ಹಿಂದೆ ಬೀಳುತ್ತದೆ.

ಎರಡನೆಯದು, ನಿಮ್ಮ ಓದಿಗೆ ಒಂದು ಎಳೆಯಾದರೂ ಸಂಬಂಧ ಇರಲಿ. ಅಕೌಂಟ್ಸ್ ಓದಿದವರು ಒಂದೆರಡು ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು, ಎಂಜಿನಿಯರಿಂಗ್ ಓದಿದವರು ಮೊದಲ ವರ್ಷದವರಿಗೆ ಗಣಿತ ಹೇಳಿಕೊಡುವುದು, ಭಾಷೆ ಓದಿದವರು ಅನುವಾದ ಅಥವಾ ಪ್ರೂಫ್ ನೋಡುವುದು. ದುಡ್ಡು ದೊಡ್ಡದಲ್ಲ. ಆದರೆ ನಾಳೆ ಇಂಟರ್ವ್ಯೂನಲ್ಲಿ "ಈ 5 ತಿಂಗಳು ಏನು ಮಾಡಿದಿರಿ?" ಅಂದರೆ ಹೇಳಲು ಒಂದು ನಿಜವಾದ ಉತ್ತರ ಇರುತ್ತದೆ.

## ಕಾದು ಒಳ್ಳೆಯ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಕಾದದ್ದು ಲಾಭವಾ ನಷ್ಟವಾ ಅಂತ ಹೇಗೆ ತಿಳಿಯುವುದು?

ಸಂಬಳಗಳನ್ನು ಹೋಲಿಸಬೇಡಿ. ಖರ್ಚು ಕಳೆದು ಕೈಯಲ್ಲಿ ಉಳಿಯುವುದನ್ನು ಹೋಲಿಸಿ.

ಆ ಹುಡುಗಿಗೆ ಈಗ ಸಿಕ್ಕಿರುವ ಕೆಲಸದ ಸಂಬಳ 25,000. ಬೇರೆ ಊರು, ಬಾಡಿಗೆ, ಊಟ, ಓಡಾಟ ಸೇರಿ 14,000 ಖರ್ಚು. ಉಳಿಯುವುದು 11,000. ಮನೆಯಲ್ಲಿದ್ದು ಕಾದರೆ ತಿಂಗಳಿಗೆ ಅವಳ ಖರ್ಚು 4,000. ಅಂದರೆ ಒಂದು ತಿಂಗಳು ಕಾಯುವುದಕ್ಕೆ ಅವಳು ತೆರುವ ಬೆಲೆ 11,000 ಮತ್ತು 4,000 ಸೇರಿ 15,000. ಈ ಸಂಖ್ಯೆಯನ್ನು ಬಹಳ ಜನ ಬರೆದುಕೊಳ್ಳುವುದೇ ಇಲ್ಲ. ಕೆಲವರು ಬಡ್ಡಿಯನ್ನು ಮಾತ್ರ ನೋಡಿ "6,667 ತಾನೇ" ಅಂತಾರೆ, ಬರಬಹುದಾಗಿದ್ದ ಉಳಿಕೆಯನ್ನು ಮರೆಯುತ್ತಾರೆ. ಇನ್ನು ಕೆಲವರು ಪೂರ್ತಿ 25,000 ಹೋಯ್ತು ಅಂತ ಸಂಕಟಪಡುತ್ತಾರೆ. ಎರಡೂ ತಪ್ಪು. ಬಡ್ಡಿಯನ್ನು ಈ 15,000ಕ್ಕೆ ಮತ್ತೆ ಸೇರಿಸಬೇಡಿ. ಕೆಲಸಕ್ಕೆ ಸೇರಿದರೂ, ಕಾದರೂ ಆ ಬಡ್ಡಿ ಬೀಳುತ್ತಲೇ ಇರುತ್ತದೆ.

6 ತಿಂಗಳು ಕಾದಳು. ಬೆಲೆ 90,000. ಸಿಕ್ಕ ಕೆಲಸದ ಸಂಬಳ 38,000, ಖರ್ಚು 16,000, ಉಳಿಕೆ 22,000. ಮೊದಲಿನ ಕೆಲಸಕ್ಕಿಂತ ತಿಂಗಳಿಗೆ 11,000 ಜಾಸ್ತಿ. 90,000ವನ್ನು 11,000ದಿಂದ ಭಾಗಿಸಿದರೆ ಸುಮಾರು 8. ಕೆಲಸಕ್ಕೆ ಸೇರಿ 8 ತಿಂಗಳು ದಾಟಿದ ಮೇಲೆ ಕಾದದ್ದು ಲಾಭ.

ಅದೇ 6 ತಿಂಗಳು ಕಾದು ಸಿಕ್ಕದ್ದು 30,000ದ ಕೆಲಸ, ಉಳಿಕೆ 15,000 ಅಂದುಕೊಳ್ಳಿ. ವ್ಯತ್ಯಾಸ ತಿಂಗಳಿಗೆ 4,000 ಮಾತ್ರ. ಸಮ ಆಗಲು 22 ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ಮೊದಲಿನ ಕೆಲಸದಲ್ಲೇ ಸಂಬಳ ಏರಿರಬಹುದು, ಅಲ್ಲಿಂದಲೇ ಬೇರೆ ಕಡೆ ಹಾರಿರಬಹುದು. ದುಡ್ಡಿನ ದೃಷ್ಟಿಯಲ್ಲಿ ಇಂಥ ಕಾಯುವಿಕೆಗೆ ಅರ್ಥವಿಲ್ಲ. ಕೆಲಸವೇ ನಿಮಗೆ ಬೇಕಾದ ದಾರಿಯದ್ದಾಗಿದ್ದರೆ ಮಾತು ಬೇರೆ. ಆಗಲೂ ಎಷ್ಟು ತೆರುತ್ತಿದ್ದೀರಿ ಅಂತ ಗೊತ್ತಿದ್ದೇ ತೆರಿ.

ಮತ್ತೆ, ಕಾಯುವಾಗ ಸಂಜೆ ಕೆಲಸದಿಂದ ತಿಂಗಳಿಗೆ 7,000 ಬರುತ್ತಿದ್ದರೆ 15,000ದ ಬೆಲೆ 8,000ಕ್ಕೆ ಇಳಿಯುತ್ತದೆ. 6 ತಿಂಗಳಿಗೆ 48,000. ಮೊದಲ ಲೆಕ್ಕದ 8 ತಿಂಗಳು ನಾಲ್ಕೂವರೆಗೆ ಬರುತ್ತದೆ. ಮೂರನೇ ದಾರಿಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

## ಖಾಲಿ ಕೂತರೆ ರೆಸ್ಯೂಮೆ ಹಾಳಾಗುತ್ತೆ ಅಂತಾರೆ. ನಿಜವಾ?

ಸ್ವಲ್ಪ ನಿಜ. ಆದರೆ ಇದರ ಇನ್ನೊಂದು ಮುಖವನ್ನು ಯಾರೂ ಹೇಳುವುದಿಲ್ಲ.

ಅಮೆರಿಕದಲ್ಲಿ ಕ್ರಾಫ್ಟ್, ಲಾಂಗೆ, ನೊಟೊವಿಡಿಗ್ಡೊ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಸುಮಾರು 3,000 ಕೆಲಸಗಳಿಗೆ 12,000ದಷ್ಟು ಕಲ್ಪಿತ ರೆಸ್ಯೂಮೆ ಕಳಿಸಿದರು. ಕೆಲಸವಿಲ್ಲದ ತಿಂಗಳುಗಳು ಹೆಚ್ಚಾದಂತೆ ಇಂಟರ್ವ್ಯೂ ಕರೆ ಕಡಿಮೆಯಾಯಿತು. ಈ ಇಳಿತ ಹೆಚ್ಚಾಗಿ ಕಂಡದ್ದು ಮೊದಲ 8 ತಿಂಗಳಲ್ಲಿ.

2017ರಲ್ಲಿ ನನ್ಲಿ ಮತ್ತು ಸಂಗಡಿಗರು, ಹೊಸದಾಗಿ ಪದವಿ ಪಡೆದವರ ಹೆಸರಿನಲ್ಲಿ ಇಂಥದ್ದೇ ಪ್ರಯೋಗದ ಫಲ ಪ್ರಕಟಿಸಿದರು. ಇವರಿಗೆ ಕಂಡದ್ದು ಬೇರೆ. ಪದವೀಧರರು ಕೆಲವು ತಿಂಗಳು ಖಾಲಿ ಇದ್ದದ್ದರಿಂದ ಕರೆಗಳು ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಪದವಿಯೇ ಬೇಡದ ಕೆಲಸದಲ್ಲಿರುವವರಿಗೆ, ಓದಿಗೆ ತಕ್ಕ ಕೆಲಸದಲ್ಲಿರುವವರಿಗಿಂತ ಸುಮಾರು ಶೇ 30 ಕಡಿಮೆ ಕರೆ ಬಂತು.

ಎರಡೂ ಒಂದು ದೇಶದ, ಕೆಲವು ಬಗೆಯ ಕೆಲಸಗಳ ಪ್ರಯೋಗ. ಎಲ್ಲ ಕಡೆ ಹಾಗೇ ಅನ್ನಲಾಗದು. ಆದರೆ ನಾನು ಇದರಿಂದ ತೆಗೆದುಕೊಳ್ಳುವುದು ಇಷ್ಟು. ಹೊಸಬರಿಗೆ ಕೆಲವು ತಿಂಗಳ ಖಾಲಿ ಜಾಗ ಭಯಪಡುವಂಥದ್ದಲ್ಲ. ಖಾಲಿ ಜಾಗ ಮುಚ್ಚಲೆಂದೇ ಓದಿಗೆ ಸಂಬಂಧವೇ ಇಲ್ಲದ ಕೆಲಸಕ್ಕೆ ಸೇರಿದರೆ, ರೆಸ್ಯೂಮೆಗೆ ಅದರಿಂದ ಹೆಚ್ಚು ಪೆಟ್ಟು ಬೀಳಬಹುದು. ಮೊದಲ ಕಂತಿನ ದಿನ ಹತ್ತಿರ ಬಂದಂತೆ ಮಾತ್ರ ಕಾಯುವುದರ ಅಪಾಯ ಏರುತ್ತದೆ.

## ಸಿಕ್ಕ ಕೆಲಸಕ್ಕೆ ಸೇರಿ, ಆಮೇಲೆ ಬದಲಾಯಿಸಿಕೊಂಡರೆ ಆಗಲ್ವಾ?

ಆಗುತ್ತದೆ, ಬಹಳ ಜನ ಹಾಗೇ ಮಾಡುತ್ತಾರೆ. ಕೆನಡಾದಲ್ಲಿ ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಓದು ಮುಗಿಸಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಬಂತು. ಒರಿಯೊಪೌಲೋಸ್, ವಾನ್ ವಾಕ್ಟರ್, ಹೈಸ್ ಅನ್ನುವವರು ಮಾಡಿದ್ದು. ಶುರುವಿನಲ್ಲಿ ಅವರ ಗಳಿಕೆ ಸುಮಾರು ಶೇ 9 ಕಡಿಮೆ ಇತ್ತು. 5 ವರ್ಷದ ಹೊತ್ತಿಗೆ ಆ ಅಂತರ ಅರ್ಧವಾಯಿತು, 10 ವರ್ಷದ ಹೊತ್ತಿಗೆ ಮುಚ್ಚಿಹೋಯಿತು. ಮುಚ್ಚಿದ ಮುಖ್ಯ ದಾರಿ, ಸಣ್ಣ ಸಂಬಳದ ಕಂಪನಿಯಿಂದ ಒಳ್ಳೆಯ ಸಂಬಳದ ಕಂಪನಿಗೆ ಹಾರಿದ್ದು. ಅಂದರೆ ಮೊದಲ ಕೆಲಸ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ಅಲ್ಲಿಂದ ಹೊರಡಲು ಆಗಬೇಕು, ಅಷ್ಟೇ.

ಹಾಗಾದರೆ ಆಫರ್ ಲೆಟರ್ ಕೈಗೆ ಬಂದಾಗ ಸಂಬಳದ ಸಾಲಿಗಿಂತ ಮೊದಲು ಹೊರಡುವ ಬಾಗಿಲು ಎಲ್ಲಿದೆ ಅಂತ ನೋಡಿ. ನೋಟಿಸ್ ಪೀರಿಯಡ್ ಎಷ್ಟು? 30 ದಿನವಾದರೆ ಸರಿ. 90 ದಿನವಾದರೆ, "ಮುಂದಿನ ತಿಂಗಳು ಸೇರುವವರು ಬೇಕು" ಅನ್ನುವ ಕಂಪನಿಗಳು ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತವೆ. ಪಾಳಿ ಯಾವುದು? ಮಾಡುವ ಕೆಲಸದಲ್ಲಿ ನಿಮಗೆ ಬೇಕಾದ ದಾರಿಗೆ ಒಯ್ಯುವಂಥದ್ದು ಏನಾದರೂ ಇದೆಯಾ?

ಪಾಳಿಯ ಮಾತು ನನಗೆ ಸ್ವಂತ ಅನುಭವ. ಕಂತಿನ ಭಯಕ್ಕೆ ನಾನು ಮೊದಲು ಸಿಕ್ಕ ಕೆಲಸಕ್ಕೇ ಸೇರಿದ್ದೆ. ರಾತ್ರಿ ಪಾಳಿ. ಬೆಳಿಗ್ಗೆ 7ಕ್ಕೆ ಬಂದು ಮಲಗುತ್ತಿದ್ದೆ. ಐದನೇ ತಿಂಗಳಲ್ಲಿ, ಎರಡು ವರ್ಷದಿಂದ ಕನಸು ಕಂಡಿದ್ದ ಕಡೆಯಿಂದ ಬೆಳಿಗ್ಗೆ 11ಕ್ಕೆ ಫೋನ್ ಬಂತು. ಮೊದಲ ಸುತ್ತು, ಫೋನಿನಲ್ಲೇ. ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲೆ ಮಾಡಿಕೊಂಡಿದ್ದ ಕೋಣೆಯಲ್ಲಿ ಎದ್ದು ಕೂತು ಮಾತಾಡಿದೆ. ನನ್ನದೇ ಪ್ರಾಜೆಕ್ಟ್ ಬಗ್ಗೆ ಕೇಳಿದರು. ಅದರಲ್ಲಿ ಬಳಸಿದ ವಿಧಾನದ ಹೆಸರು ಬಾಯಿಗೆ ಬರಲಿಲ್ಲ. ಗಂಟಲು ನಿದ್ದೆಯಲ್ಲೇ ಇತ್ತು. ಫೋನ್ ಇಟ್ಟ ಮೇಲೆ ನೋಡಿದೆ, 14 ನಿಮಿಷ. ಮತ್ತೆ ಅಲ್ಲಿಂದ ಕರೆ ಬರಲಿಲ್ಲ. ಸಂಬಳ ಬರುತ್ತಿತ್ತು, ಕಂತೂ ಹೋಗುತ್ತಿತ್ತು. ಆದರೆ ಬೇರೆ ಕೆಲಸ ಹುಡುಕುವ ಶಕ್ತಿಯನ್ನು ಆ ಪಾಳಿ ಹೀರಿಕೊಂಡಿತ್ತು.

## ಬಾಂಡ್ ಬರೆಸಿಕೊಳ್ಳುವ ಕೆಲಸಕ್ಕೆ ಸೇರಬಹುದಾ?

ನಿಮಗೆ ಬೇಕಾದ ಕ್ಷೇತ್ರವೇ ಆಗಿದ್ದು, ನಿಜವಾದ ತರಬೇತಿ ಕೊಡುತ್ತಿದ್ದರೆ ಯೋಚಿಸಿ. "ಸದ್ಯಕ್ಕೆ ಒಂದು ಕೆಲಸ" ಅಂತ ಹಿಡಿಯುವುದಕ್ಕೆ ಬಾಂಡ್ ಇರಲೇಬಾರದು. ಎರಡು ವರ್ಷದ ಬಾಂಡ್, ಬಿಟ್ಟರೆ 1 ಲಕ್ಷ ಕಟ್ಟಬೇಕು ಅಂದರೆ, ನೀವು ಎಜುಕೇಶನ್ ಲೋನ್ ತೀರಿಸಲು ಇನ್ನೊಂದು ಸಾಲಕ್ಕೆ ಸಹಿ ಹಾಕಿದಂತೆ. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 11,000 ಉಳಿಯುವ ಆ ಹುಡುಗಿಗೆ ಆ 1 ಲಕ್ಷ ಅಂದರೆ 9 ತಿಂಗಳ ಪೂರ್ತಿ ಉಳಿಕೆ.

ಮೂಲ ಅಂಕಪಟ್ಟಿ, ಪದವಿ ಪತ್ರ ಇಟ್ಟುಕೊಳ್ಳುತ್ತೇವೆ ಅನ್ನುವವರಿಗೆ ಕೊಡಬೇಡಿ. ಪರಿಶೀಲನೆಗೆ ತೋರಿಸಿ, ನಕಲು ಕೊಟ್ಟು, ಮೂಲವನ್ನು ಅಂದೇ ವಾಪಸ್ ತನ್ನಿ.

## ಎಷ್ಟು ದಿನ ಕಾಯಬಹುದು ಅಂತ ಹೇಗೆ ನಿರ್ಧರಿಸುವುದು?

ಮೊದಲ ಕಂತಿನ ದಿನದಿಂದ ಹಿಂದಕ್ಕೆ ಎಣಿಸಿ. "ನೋಡೋಣ" ಅಂತ ಬಿಟ್ಟರೆ ಕಾಯುವುದಕ್ಕೆ ಕೊನೆಯೇ ಇರುವುದಿಲ್ಲ.

ನಮ್ಮ ಹುಡುಗಿಯ ಮೊದಲ ಕಂತು 13ನೇ ತಿಂಗಳ ಮೊದಲ ವಾರ. ಆ ಹೊತ್ತಿಗೆ ಒಂದು ಸಂಬಳ ಕೈಯಲ್ಲಿರಬೇಕಾದರೆ 12ನೇ ತಿಂಗಳ ಶುರುವಿನಲ್ಲೇ ಕೆಲಸಕ್ಕೆ ಸೇರಿರಬೇಕು. ಆಫರ್ ಬಂದ ಮೇಲೆ ಸೇರಲು ಒಂದು ತಿಂಗಳು ಹಿಡಿಯಬಹುದು. ಹಾಗಾದರೆ 11ನೇ ತಿಂಗಳ ಶುರುವಿಗೆ ಆಫರ್ ಬಂದಿರಬೇಕು. ಅರ್ಜಿ ಹಾಕಿ ಆಫರ್ ಬರುವವರೆಗೆ ಎರಡು ತಿಂಗಳು ಇಟ್ಟುಕೊಳ್ಳೋಣ. ಅಲ್ಲಿಗೆ 9ನೇ ತಿಂಗಳ ಶುರು.

ಅಂದರೆ ಅವಳಿಗೆ ಮೊರಟೋರಿಯಂ 12 ತಿಂಗಳಿದ್ದರೂ, ಬೇಕಾದ ಕೆಲಸಕ್ಕೆ ಮಾತ್ರ ಅರ್ಜಿ ಹಾಕುತ್ತಾ ಕೂರಲು ಇರುವುದು 8 ತಿಂಗಳು. 9ನೇ ತಿಂಗಳಿಂದ ಜಾಲ ಅಗಲ ಮಾಡಲೇಬೇಕು. 12 ತಿಂಗಳೂ ತನ್ನದೇ ಅಂದುಕೊಂಡವರು ಕೊನೆಗೆ ಗಾಬರಿಯಲ್ಲಿ ಬಾಂಡ್‌ಗೆ ಸಹಿ ಹಾಕುತ್ತಾರೆ. ಮೊರಟೋರಿಯಂ 6 ತಿಂಗಳೇ ಇದ್ದರೆ ಇದೇ ಲೆಕ್ಕದಲ್ಲಿ ಸಿಗುವುದು 2 ತಿಂಗಳು ಮಾತ್ರ. ಹಾಗಿದ್ದವರು ಕೊನೆಯ ಸೆಮಿಸ್ಟರ್‌ನಲ್ಲೇ ಹುಡುಕಾಟ ಶುರು ಮಾಡಬೇಕು.

ಆ ದಿನಾಂಕವನ್ನು ಮನೆಯಲ್ಲಿ ಕಾಣುವ ಕಡೆ ಬರೆದಿಡಿ. ಆಗುವುದಾದರೆ ಮೂರು ಕಂತಿನಷ್ಟು ಹಣ, ಇವಳ ಲೆಕ್ಕದಲ್ಲಿ 42,816, ಬೇರೆ ಖಾತೆಯಲ್ಲಿ ಇಟ್ಟಿರಿ. ಸಂಬಳ ಒಂದು ತಿಂಗಳು ತಡವಾದರೆ ಕಂತು ತಪ್ಪುವುದಿಲ್ಲ.

## ಕಾಯುತ್ತಿದ್ದೇನೆ. ಇದು ಸರಿ ಹೋಗುತ್ತಿದೆಯಾ ಅಂತ ಮಧ್ಯದಲ್ಲಿ ಹೇಗೆ ತಿಳಿಯುವುದು?

ಎಂಟು ವಾರಕ್ಕೊಮ್ಮೆ ನಿಂತು ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಸಾಕು. ಎಷ್ಟು ಅರ್ಜಿ ಹೋಯ್ತು, ಎಷ್ಟು ಕಡೆಯಿಂದ ಮೊದಲ ಕರೆ ಬಂತು, ಎಷ್ಟು ಕಡೆ ಕೊನೆಯ ಸುತ್ತಿನವರೆಗೆ ಹೋದಿರಿ.

ಅರ್ಜಿ 50 ದಾಟಿದೆ, ಕರೆಯೇ ಇಲ್ಲ ಅಂದರೆ ಇನ್ನೂ ಎಂಟು ವಾರ ಅದನ್ನೇ ಮಾಡಿ ಫಲವಿಲ್ಲ. ರೆಸ್ಯೂಮೆ ಸರಿಯಿಲ್ಲ, ಅಥವಾ ಹೊಸಬರನ್ನು ತೆಗೆದುಕೊಳ್ಳದ ಹುದ್ದೆಗೆ ಹಾಕುತ್ತಿದ್ದೀರಿ. ಅದೇ ಕೆಲಸ ಮಾಡುತ್ತಿರುವ ಒಬ್ಬ ಸೀನಿಯರ್‌ಗೆ ತೋರಿಸಿ. ಕರೆ ಬರುತ್ತಿದೆ, ಮೊದಲ ಸುತ್ತಿನಲ್ಲೇ ನಿಲ್ಲುತ್ತಿದೆ ಅಂದರೆ ತಯಾರಿ ಸಾಲದು. ಕೊನೆಯ ಸುತ್ತಿನವರೆಗೆ ಹೋಗಿ ತಪ್ಪುತ್ತಿದೆ ಅಂದರೆ ಮಾತ್ರ, ಇನ್ನೂ ಸ್ವಲ್ಪ ಕಾಯುವುದಕ್ಕೆ ಗಟ್ಟಿ ಕಾರಣ ಇದೆ. ನೀವು ಆ ಮಟ್ಟದಲ್ಲಿದ್ದೀರಿ, ಬಾಗಿಲು ತೆರೆಯುವುದು ಬಾಕಿ.

## ಯಾವಾಗ ಕಾಯಲೇಬಾರದು?

ಮೊರಟೋರಿಯಂ ಮುಗಿದಿದೆ, ಕಂತಿಗೆ ಹಣವಿಲ್ಲ ಅಂದರೆ ಕಾಯಬೇಡಿ. ಮನೆ, ಜಮೀನು ಅಡವಿಟ್ಟು ಸಾಲ ತೆಗೆದಿದ್ದರೆ, ಅಥವಾ ಜಾಮೀನು ಹಾಕಿದ ಅಪ್ಪನಿಗೋ ಚಿಕ್ಕಪ್ಪನಿಗೋ ನಿವೃತ್ತಿ ಹತ್ತಿರ ಇದ್ದರೆ, ಕಂತು ತಪ್ಪುವ ಅಪಾಯಕ್ಕೆ ಕೈ ಹಾಕಬೇಡಿ. ನೀವು ಕಟ್ಟದಿದ್ದರೆ ಬ್ಯಾಂಕು ಮುಂದಿನ ಕರೆ ಮಾಡುವುದು ಅವರಿಗೇ.

ಇನ್ನೊಂದು ಸಂದರ್ಭ ಕಣ್ಣಿಗೆ ಬೇಗ ಕಾಣುವುದಿಲ್ಲ. ನೀವು ಕಾಯುವ ತಿಂಗಳುಗಳ ಖರ್ಚಿಗೆ ಮನೆಯವರು ಕೈಸಾಲ ಮಾಡುತ್ತಿದ್ದಾರೆ ಅನ್ನಿ, ಅದಕ್ಕೆ ತಿಂಗಳಿಗೆ ನೂರಕ್ಕೆ 2ರಂತೆ ಬಡ್ಡಿ. ವರ್ಷಕ್ಕೆ ಶೇ 24 ಆಯಿತು. ಶೇ 10ರ ಸಾಲದ ಲೆಕ್ಕ ನೀಟಾಗಿ ಹಾಕುತ್ತಾ ಶೇ 24ರ ಸಾಲವನ್ನು ಬೆಳೆಸಿದಂತಾಗುತ್ತದೆ. ಮನೆ ಖರ್ಚು ಎಲ್ಲಿಂದ ಬರುತ್ತಿದೆ ಅಂತ ಅಮ್ಮನನ್ನು ನೇರವಾಗಿ ಕೇಳಿ. "ಅದೆಲ್ಲ ನಿನಗ್ಯಾಕೆ, ನೀನು ಓದ್ಕೋ" ಅಂದರೆ ಇನ್ನೊಂದು ಸಲ ಕೇಳಿ.

## ಕಂತು ಶುರುವಾಗುತ್ತಿದೆ, ಕೆಲಸ ಇನ್ನೂ ಇಲ್ಲ. ಬ್ಯಾಂಕಿಗೆ ಹೋಗಿ ಏನು ಹೇಳಲಿ?

ಮೊದಲ ಕಂತು ತಪ್ಪುವ ಮೊದಲು ಹೋಗಿ. ಇದೊಂದೇ ದೊಡ್ಡ ವಿಷಯ. ಹಲವು ದೇಶಗಳ ಬ್ಯಾಂಕುಗಳಲ್ಲಿ ಬಾಕಿ 90 ದಿನ ದಾಟಿದರೆ ಆ ಸಾಲವನ್ನು ಕೆಟ್ಟ ಸಾಲದ ಪಟ್ಟಿಗೆ ಹಾಕುತ್ತಾರೆ. ಅಲ್ಲಿಗೆ ಹೋದ ಮೇಲೆ ಮ್ಯಾನೇಜರ್‌ಗೆ ಸಹಾಯ ಮಾಡುವ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ನಿಮ್ಮ ಕ್ರೆಡಿಟ್ ದಾಖಲೆಗೂ, ಜಾಮೀನುದಾರರ ದಾಖಲೆಗೂ ಕಪ್ಪು ಚುಕ್ಕೆ ಬೀಳುತ್ತದೆ.

ಕೇಳಬಹುದಾದದ್ದು ಮೂರು. ಮೊರಟೋರಿಯಂ ಇನ್ನು ಕೆಲವು ತಿಂಗಳು ಮುಂದುವರಿಸಿ. ಅಥವಾ ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಿಸಿಕೊಳ್ಳಿ. ಅಥವಾ ಅವಧಿ ಹೆಚ್ಚಿಸಿ ಕಂತು ಇಳಿಸಿ. ಬರೆದು ಕೊಟ್ಟು, ಸ್ವೀಕೃತಿ ಮುದ್ರೆ ಇರುವ ನಕಲು ಇಟ್ಟುಕೊಳ್ಳಿ. ಬಾಯಿಮಾತಿನ "ಆಯ್ತು ನೋಡೋಣ" ನಂಬಬೇಡಿ. ಆಟೋ ಡೆಬಿಟ್ ಹಾಕಿದ್ದರೆ ಲಿಖಿತ ಒಪ್ಪಿಗೆ ಬರುವವರೆಗೆ ಖಾತೆಯಲ್ಲಿ ಹಣ ಇರಲಿ.

ಮೂರರಲ್ಲಿ ಅವಧಿ ಹೆಚ್ಚಿಸುವುದು ಬಹಳ ದುಬಾರಿ. 10,80,000ಕ್ಕೆ 10 ವರ್ಷದ ಬದಲು 15 ವರ್ಷ ಮಾಡಿದರೆ ಕಂತು 14,272ರಿಂದ ಸುಮಾರು 11,606ಕ್ಕೆ ಇಳಿಯುತ್ತದೆ. ತಿಂಗಳಿಗೆ ಹಗುರ. ಆದರೆ ಒಟ್ಟು ಕಟ್ಟುವುದು 17,12,700ರಿಂದ 20,89,000ಕ್ಕೆ ಏರುತ್ತದೆ. 3,76,000 ಜಾಸ್ತಿ. ಹಾಗೆ ಮಾಡಲೇಬೇಕಾಗಿ ಬಂದರೆ, ಮುಂಗಡವಾಗಿ ಹೆಚ್ಚು ಕಟ್ಟಿದರೆ ದಂಡವಿಲ್ಲ ಅನ್ನುವುದನ್ನು ಖಚಿತಪಡಿಸಿಕೊಂಡು ಮಾಡಿ. ಸಂಬಳ ಏರಿದ ಮೇಲೆ ಹಳೆಯ ಕಂತಿನಷ್ಟೇ ಕಟ್ಟುತ್ತಾ ಬಂದರೆ ಸಾಲ ಬೇಗ ಮುಗಿಯುತ್ತದೆ.

## ಒಂದು ಆಫರ್ ಬಂದಿದೆ, ಬೇಕಾದ ಕಡೆ ಕೊನೆಯ ಸುತ್ತು ಬಾಕಿ ಇದೆ. ಏನು ಮಾಡಲಿ?

ಎರಡೂ ಕಡೆ ನಿಜ ಹೇಳಿ ಸಮಯ ಕೇಳಿ. ಆಫರ್ ಕೊಟ್ಟವರ ಬಳಿ ಉತ್ತರಕ್ಕೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಕೇಳಬಹುದು. ಅದೇ ದಿನ, ಬೇಕಾದ ಕಡೆಯ ಎಚ್‌ಆರ್‌ಗೆ ಬರೆಯಿರಿ. ಬಹಳ ಜನ ಈ ಎರಡನೇ ಪತ್ರ ಬರೆಯಲು ಹಿಂಜರಿದು ಸುಮ್ಮನಿದ್ದುಬಿಡುತ್ತಾರೆ. ಬೇರೆ ಆಫರ್ ಇದೆ ಅಂದರೆ ಕೋಪ ಮಾಡಿಕೊಳ್ಳುತ್ತಾರೆ ಅನ್ನುವ ಭಯ. ಹಾಗೇನೂ ಆಗುವುದಿಲ್ಲ, ಎಷ್ಟೋ ಸಲ ಬಾಕಿ ಸುತ್ತನ್ನು ಅವರು ಬೇಗ ಮುಗಿಸುತ್ತಾರೆ. ಪತ್ರ ಚಿಕ್ಕದಾಗಿರಲಿ:

"ನಮಸ್ಕಾರ. ನಿಮ್ಮಲ್ಲಿ ನನ್ನ ಎರಡು ಸುತ್ತು ಮುಗಿದಿದೆ, ಕೊನೆಯ ಸುತ್ತು ಬಾಕಿ ಇದೆ. ಬೇರೆ ಕಡೆಯಿಂದ ಒಂದು ಆಫರ್ ಬಂದಿದ್ದು, ಮುಂದಿನ ಶುಕ್ರವಾರದೊಳಗೆ ಉತ್ತರ ಕೊಡಬೇಕು. ನನಗೆ ಹೆಚ್ಚು ಇಷ್ಟವಿರುವುದು ನಿಮ್ಮಲ್ಲಿನ ಕೆಲಸ. ಅಷ್ಟರೊಳಗೆ ಕೊನೆಯ ಸುತ್ತು ನಡೆಸಲು ಆಗುವುದಾದರೆ ಯಾವ ದಿನ, ಯಾವ ಹೊತ್ತಿಗಾದರೂ ಬರುತ್ತೇನೆ. ಆಗದಿದ್ದರೆ ಅದನ್ನೂ ತಿಳಿಸಿ."

ಶುಕ್ರವಾರದೊಳಗೆ ಉತ್ತರ ಬರದಿದ್ದರೆ ಕೈಯಲ್ಲಿರುವ ಆಫರ್‌ನ ನೋಟಿಸ್ ಪೀರಿಯಡ್, ಪಾಳಿ, ಬಾಂಡ್ ಮತ್ತೊಮ್ಮೆ ನೋಡಿ. ಮೂರೂ ಸರಿ ಇದ್ದು, ನೀವು ಬರೆದಿಟ್ಟ ದಿನಾಂಕವೂ ಹತ್ತಿರವಾಗಿದ್ದರೆ ಸೇರಿಕೊಳ್ಳಿ. ದಿನಾಂಕಕ್ಕೆ ಇನ್ನೂ ಮೂರು ನಾಲ್ಕು ತಿಂಗಳಿದ್ದು, ಬಡ್ಡಿ ಕಟ್ಟುವಷ್ಟು ಸಂಜೆಯ ಕೆಲಸವೂ ಕೈಯಲ್ಲಿದ್ದರೆ, ನಾನಾದರೆ ಆ ಕೊನೆಯ ಸುತ್ತಿಗೆ ಕಾಯುತ್ತೇನೆ.